ಪಿಡಿಎಫ್ ಹಾಕಿದರೆ ಮಾಹಿತಿ ಕೊಟ್ಟಂತಾಯಿತೇ?

ಹೊನ್ನಾವರ ತಾಲೂಕಿನಲ್ಲಿ ಹೆದ್ದಾರಿ ಪಕ್ಕದ ಒಂದು ಮನೆಯ ಜಗಲಿ. ಮನೆಯ ಹಿರಿಯ ಹೆಂಗಸು ಮಗನ ಫೋನನ್ನು ನಮ್ಮ ಕೈಗೆ ಕೊಟ್ಟು, "ತಮಾ, ಇದ್ರೊಳಗೆ ನಮ್ಮ ನಂಬರು ಇದ್ಯಾ ನೋಡು" ಅಂದರು. ಫೋನಿನಲ್ಲಿದ್ದದ್ದು ಭೂಸ್ವಾಧೀನದ ಪಟ್ಟಿ, ಇಪ್ಪತ್ನಾಲ್ಕು ಪುಟದ ಪಿಡಿಎಫ್. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ್ದು. ಅಕ್ಷರ ಸಾಸಿವೆಯಷ್ಟು. ದೊಡ್ಡದು ಮಾಡಿದರೆ ಸರ್ವೆ ನಂಬರ್ ಕಾಣುತ್ತದೆ, ಹೆಸರು ಪರದೆಯಾಚೆ ಹೋಗುತ್ತದೆ. ಹೆಸರಿನ ಕಡೆ ಸರಿಸಿದರೆ ಯಾವ ಸಾಲಿನಲ್ಲಿದ್ದೆವು ಎಂಬುದೇ ಮರೆಯುತ್ತದೆ.

ಇದನ್ನು ಸಂಬಂಧಪಟ್ಟವರಲ್ಲಿ ಕೇಳಿದರೆ ಉತ್ತರ ಒಂದೇ. "ಆನ್‌ಲೈನ್‌ನಲ್ಲಿ ಹಾಕಿದ್ದೇವಲ್ರೀ, ನೋಡ್ಕೊಳ್ಳಿ."

ಈ ಮಾತಿನ ಮೇಲೆಯೇ ನಮ್ಮ ಜಗಳ. ಹಾಕುವುದು ಬೇರೆ, ಕೊಡುವುದು ಬೇರೆ. ಪುಟಪುಟಕ್ಕೂ ತಲೆಬರಹ ಮರುಕಳಿಸುವ, ಊರಿನ ಹೆಸರು ಒಂದು ಕಡೆ ಮತ್ತು ಜಮೀನು ಇನ್ನೊಂದು ಕಡೆ ಇರುವ ಪಿಡಿಎಫ್ ಹಾಕಿದವರು ಮಾಹಿತಿ ಕೊಟ್ಟಿಲ್ಲ, ಮಾಹಿತಿ ಕೊಟ್ಟ ದಾಖಲೆ ಮಾತ್ರ ಮಾಡಿಕೊಂಡಿದ್ದಾರೆ. ಅದೇ ಪಿಡಿಎಫ್‌ನ ಕೊನೆಯ ಪುಟದ ಮೊತ್ತ ನೋಡಿ ಸುದ್ದಿ ಮಾಡಿ ಕೈತೊಳೆದುಕೊಳ್ಳುವ ನಮ್ಮಂಥ ಬಿಡಿ ವರದಿಗಾರರ ಮೇಲೂ ಜಗಳವಿದೆ. ನಾವು ಮಾಡಿದ ತಪ್ಪನ್ನೂ ಕೆಳಗೆ ಹೇಳುತ್ತೇವೆ.

21 ದಿನದ ಲೆಕ್ಕ

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳನ್ನು ಪೋಣಿಸಿಕೊಂಡು ಹೋಗುವುದು ರಾಷ್ಟ್ರೀಯ ಹೆದ್ದಾರಿ 66. ಹಳಬರ ಬಾಯಲ್ಲಿ ಇನ್ನೂ ಅದು 17. ಹಿರೇಗುತ್ತಿ, ಮಿರ್ಜಾನ್, ದಿವಗಿ, ಹಳದೀಪುರ, ಕರ್ಕಿ, ಕಾಸರಕೋಡ, ಮಂಕಿ, ಶಿರಾಲಿ ಎಂದು ಊರುಗಳು ಸಾಲಾಗಿ ಸಿಗುತ್ತವೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವೆ ಇರುವ ಸಪೂರ ಪಟ್ಟಿಯಲ್ಲೇ ಮನೆ, ಗದ್ದೆ, ತೆಂಗು, ಅಂಗಡಿ. ಅಲ್ಲಿ ಮೂರು ಗುಂಟೆ ಹೋದರೆ ಮನೆಯ ಅಂಗಳವೇ ಹೋದಂತೆ.

ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ. ಮೊದಲು 3ಎ ಅಧಿಸೂಚನೆ ಬರುತ್ತದೆ. 'ಈ ಜಮೀನು ಬೇಕಾಗಿದೆ' ಎಂಬ ಉದ್ದೇಶ ಅದರಲ್ಲಿ ಇರುತ್ತದೆ. ಅದು ಗೆಜೆಟ್‌ನಲ್ಲಿ ಪ್ರಕಟವಾದ ದಿನದಿಂದ 21 ದಿನದೊಳಗೆ 3ಸಿ ಪ್ರಕಾರ ಲಿಖಿತ ಆಕ್ಷೇಪಣೆ ಕೊಡಬೇಕು. ಆಮೇಲೆ ಬರುವುದು 3ಡಿ. ಅದು ಪ್ರಕಟವಾದರೆ ಜಮೀನು ಕೇಂದ್ರ ಸರ್ಕಾರದ್ದು. ನಂತರ ಮಾತಾಡುವುದು ಪರಿಹಾರದ ಮೊತ್ತದ ಬಗ್ಗೆ, ಜಮೀನಿನ ಬಗ್ಗೆ ಅಲ್ಲ.

3ಎಯ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ, ಒಂದನ್ನಾದರೂ ಪ್ರಾದೇಶಿಕ ಭಾಷೆಯಲ್ಲಿ ಹಾಕಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದರೆ ಮೂಲ ಗೆಜೆಟ್ ಇರುವುದು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ಪೂರ್ತಿ ಕೋಷ್ಟಕ ಬೇಕೆಂದರೆ ಆ ಪಿಡಿಎಫೇ ಗತಿ. ಅಂದರೆ ಆ 21 ದಿನದಲ್ಲಿ ಮೊದಲ ಕೆಲವು ದಿನ ಪಟ್ಟಿ ಬಂದಿದೆ ಎಂದು ಗೊತ್ತಾಗುವುದಕ್ಕೆ, ಇನ್ನು ಕೆಲವು ದಿನ ಅದರಲ್ಲಿ ತಮ್ಮ ನಂಬರು ಹುಡುಕುವುದಕ್ಕೆ ಹೋಗುತ್ತವೆ. ಉಳಿದ ದಿನದಲ್ಲಿ ವಕೀಲರನ್ನು ಕಾಣಬೇಕು, ಪಹಣಿ ತೆಗೆಸಬೇಕು, ನಕ್ಷೆ ನೋಡಬೇಕು.

ಪಟ್ಟಿಯೊಳಗೆ ಏನಿದೆ

ಇಂಥ ಪಟ್ಟಿಯನ್ನು ಒಂದು ಸಲ ಕಂಪ್ಯೂಟರ್‌ಗೆ ಎಳೆದುಕೊಂಡರೆ ಅದರ ಒಳಗಿನ ಕಥೆ ಕಾಣುತ್ತದೆ. ಕೆಳಗಿನ ಸಾಲುಗಳು ಮಾದರಿಗೆ ಮಾತ್ರ, ಯಾರದೇ ಜಮೀನಿನವಲ್ಲ.

```
Sl. No.,Survey No.,Type,Nature,Area (Ha),Owner
1,2,3,4,5,6
Village: Haldipur
17,45/2,Private,Dry,0.0350,Owner A; Owner B
Sl. No.,Survey No.,Type,Nature,Area (Ha),Owner
1,2,3,4,5,6
,,,,,Owner C
18,5/2,Private,Wet,0.0120,Owner D
```

ಎಂಟು ಸಾಲಿನಲ್ಲಿ ಜಮೀನು ಇರುವುದು ಎರಡೇ ಸಾಲಿನಲ್ಲಿ. ಮೊದಲ ಸಾಲು ತಲೆಬರಹ. ಎರಡನೆಯದು ಕಾಲಂಗಳಿಗೆ ಕೊಟ್ಟ ಸಂಖ್ಯೆ. ಮೂರನೆಯದು ಊರಿನ ಹೆಸರು, ಅದು ಆ ಊರು ಶುರುವಾಗುವಾಗ ಒಮ್ಮೆ ಮಾತ್ರ ಬರುತ್ತದೆ. ಪುಟ ತಿರುಗಿದಾಗ ತಲೆಬರಹವೂ ಕಾಲಂ ಸಂಖ್ಯೆಯೂ ಮತ್ತೆ ಹಾಜರು. ಏಳನೆಯ ಸಾಲಿನಲ್ಲಿ ಬರೀ ಒಂದು ಹೆಸರಿದೆ. ಅದು ಹಿಂದಿನ ಪುಟದ 17ನೇ ಕ್ರಮ ಸಂಖ್ಯೆಯ ಬಾಲ. ಜಂಟಿ ಖಾತೆಯಲ್ಲಿ ಮೂರು ಹೆಸರಿದ್ದವು, ಎರಡು ಆ ಪುಟದಲ್ಲಿ ಹಿಡಿಸಿದವು, ಮೂರನೆಯದು ಇಲ್ಲಿ ಬಿತ್ತು.

ಕಾಗದದ ಮೇಲೆ ಓದುವವರಿಗೆ ಇದೆಲ್ಲ ಸರಿಯೇ. ಪುಟಕ್ಕೊಂದು ತಲೆಬರಹ ಇದ್ದರೆ ಯಾವ ಕಾಲಂ ಏನೆಂದು ಹಿಂದೆ ಹೋಗಿ ನೋಡಬೇಕಾಗಿಲ್ಲ. ಆದರೆ ಈಗ ಯಾರೂ ಕಾಗದದಲ್ಲಿ ಓದುತ್ತಿಲ್ಲ. ಓದುವುದು ಫೋನಿನಲ್ಲಿ, ಹುಡುಕಿ ಓದುವುದು. ಹುಡುಕುವಾಗ ಅದೇ ತಲೆಬರಹ ದಾರಿಗೆ ಅಡ್ಡ ಬರುತ್ತದೆ.

ಫೋನಿನಲ್ಲೇ ಹುಡುಕುವವರಿಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇವೆ. `45/2` ಎಂದು ಹುಡುಕಿದರೆ `145/2` ಮತ್ತು `45/21` ಕೂಡ ಸಿಗುತ್ತವೆ, ಪೂರ್ತಿ ಸಂಖ್ಯೆ ನೋಡಿಕೊಳ್ಳಿ. ಇನ್ನೂ ಮುಖ್ಯವಾದದ್ದು, ಸರ್ವೆ ನಂಬರ್ ಪ್ರತಿ ಊರಿಗೂ ಒಂದರಿಂದ ಶುರು. ಹಳದೀಪುರದಲ್ಲೂ 45 ಇರುತ್ತದೆ, ಕರ್ಕಿಯಲ್ಲೂ ಇರುತ್ತದೆ. ನಿಮ್ಮ ನಂಬರು ಕಂಡಿತೆಂದು ಗಾಬರಿಯಾಗುವ ಮೊದಲು ಪುಟಗಳನ್ನು ಹಿಂದಕ್ಕೆ ಸರಿಸಿ, ಆ ಸಾಲಿನ ಮೇಲೆ ಕೊನೆಯದಾಗಿ ಬಂದ ಊರಿನ ಹೆಸರು ಯಾವುದು ನೋಡಿ. ಅದೇ ರೀತಿ, ಕಾಣಲಿಲ್ಲ ಎಂದು ನಿಶ್ಚಿಂತೆಯಾಗುವ ಮೊದಲು ಆ ಪಿಡಿಎಫ್‌ನಲ್ಲಿ ಹುಡುಕಾಟ ನಡೆಯುತ್ತದೆಯೇ ಎಂದು ಪರೀಕ್ಷಿಸಿ. ಕಣ್ಣಿಗೆ ಕಾಣುವ ಯಾವುದೋ ಒಂದು ನಂಬರನ್ನು ಹುಡುಕಿ. ಅದೂ ಸಿಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಅದರಲ್ಲಿ ಹುಡುಕಿ ಪ್ರಯೋಜನವಿಲ್ಲ, ಕಣ್ಣಲ್ಲೇ ಓದಬೇಕು.

ನಾವು ಬರೆಯಹೊರಟಿದ್ದ ತಪ್ಪು ಸುದ್ದಿ

ಆ ಪಿಡಿಎಫ್ ಮನೆಗೆ ತಂದು ಲ್ಯಾಪ್‌ಟಾಪ್‌ಗೆ ಹಾಕಿದೆವು. ಪಿಡಿಎಫ್‌ನಿಂದ ಕೋಷ್ಟಕ ಎಳೆಯುವುದಕ್ಕೆ ಟ್ಯಾಬುಲಾ ಎಂಬ ಉಚಿತ ತಂತ್ರಾಂಶವಿದೆ. ಅದನ್ನು ಮಾಡಿದವರೂ ಪತ್ರಿಕೆಗಳಿಗೆ ಕೆಲಸ ಮಾಡುತ್ತಿದ್ದವರೇ, ನಮ್ಮ ಹಾಗೆ ಪಿಡಿಎಫ್‌ಗಳ ಜೊತೆ ಗುದ್ದಾಡಿ ಸಾಕಾದವರು. ಅದು ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ಕಡತ ಹೊರಗೆ ಹೋಗುವುದಿಲ್ಲ. ಗೆರೆ ಎಳೆದ ಕೋಷ್ಟಕಕ್ಕೆ `Lattice`, ಗೆರೆ ಇಲ್ಲದ್ದಕ್ಕೆ `Stream` ಎಂದು ಎರಡು ವಿಧಾನ. ಗೆಜೆಟ್ ಪಟ್ಟಿಗೆ ಗೆರೆ ಇರುವುದರಿಂದ `Lattice`. ಅಕ್ಷರ ಆಯ್ಕೆಯಾಗುವ ಪಿಡಿಎಫ್‌ಗೆ ಮಾತ್ರ ಇದು ನಡೆಯುತ್ತದೆ, ಸ್ಕ್ಯಾನ್ ಆದದ್ದಕ್ಕೆ ಇಲ್ಲ.

ಹೊರಗೆ ಬಂದ ಸಾಲುಗಳನ್ನು ಶೀಟಿಗೆ ಹಾಕಿ, ತಲೆಬರಹದಲ್ಲಿದ್ದ `Sl. No.` ಎಂಬ ಪದ ಹುಡುಕಿ ಆ ಸಾಲುಗಳನ್ನೆಲ್ಲ ಅಳಿಸಿದೆವು. ಖಾಲಿ ಕ್ರಮಸಂಖ್ಯೆಯ ಸಾಲುಗಳನ್ನೂ ಕಸ ಎಂದುಕೊಂಡು ಅಳಿಸಿದೆವು. ವಿಸ್ತೀರ್ಣದ ಕಾಲಂ ಕೂಡಿಸಿದೆವು. ಬಂದ ಮೊತ್ತ ನೋಡಿ ನಮಗೇ ಮೈ ಜುಮ್ಮೆಂದಿತು. ದೊಡ್ಡ ಸುದ್ದಿ ಸಿಕ್ಕಿತೆಂದು ಮೊದಲ ವಾಕ್ಯವನ್ನೂ ಬರೆದಾಗಿತ್ತು.

ಲೆಕ್ಕ ತಿಳಿಯಲೆಂದು ದುಂಡಗಿನ ಅಂಕಿಯಲ್ಲಿ ಹೇಳುತ್ತೇವೆ. ಪಟ್ಟಿಯ ಕೊನೆಯಲ್ಲಿ ಮುದ್ರಿತ ಮೊತ್ತ 40 ಹೆಕ್ಟೇರ್ ಎಂದಿಟ್ಟುಕೊಳ್ಳಿ. ನಮ್ಮ ಕೂಡಿಕೆಯಲ್ಲಿ ಬಂದದ್ದು 160. 'ನಲವತ್ತೆಂದು ಹೇಳಿ ನೂರಅರವತ್ತು ತೆಗೆದುಕೊಳ್ಳುತ್ತಿದ್ದಾರೆ' ಎಂದು ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು?

ವ್ಯತ್ಯಾಸ 120. ಪುಟ 24. ಭಾಗಿಸಿದರೆ ಸರಿಯಾಗಿ 5. ಅಲ್ಲಿ ನಮಗೆ ಅನುಮಾನ ಬಂತು. ಜಮೀನಿನ ವ್ಯತ್ಯಾಸ ಅಷ್ಟು ನೇರ್ಪಾಗಿ ಬರುವುದಿಲ್ಲ. ಮತ್ತೆ ಶೀಟು ನೋಡಿದರೆ, ತಲೆಬರಹವೇನೋ ಹೋಗಿತ್ತು, ಅದರ ಕೆಳಗಿನ `1,2,3,4,5,6` ಎಂಬ ಸಾಲು ಪ್ರತಿ ಪುಟದ್ದೂ ಹಾಗೇ ಕೂತಿತ್ತು. ವಿಸ್ತೀರ್ಣ ಐದನೇ ಕಾಲಂ. ಶೀಟಿನ ಕಣ್ಣಿಗೆ ಅದು ಕ್ರಮಸಂಖ್ಯೆ 1, ಸರ್ವೆ ನಂಬರ್ 2, ವಿಸ್ತೀರ್ಣ 5 ಹೆಕ್ಟೇರ್. ಇಲ್ಲದ ಜಮೀನು, ಪುಟಕ್ಕೆ ಐದು ಹೆಕ್ಟೇರಿನಂತೆ.

ಕಾಲಂ ಸಂಖ್ಯೆ `(5)` ಎಂದು ಆವರಣದೊಳಗೆ ಇದ್ದರೆ ಇನ್ನೊಂದು ಚಂದ. ಎಕ್ಸೆಲ್ ಅದನ್ನು ಋಣ ಐದು ಎಂದು ಓದುತ್ತದೆ, ಮೊತ್ತ ಹೆಚ್ಚಾಗುವ ಬದಲು ಕಡಿಮೆಯಾಗುತ್ತದೆ. ಊರೂರಿನ ಉಪಮೊತ್ತದ ಸಾಲುಗಳು ಸೇರಿಕೊಂಡರೆ ಮೊತ್ತ ಸರಿಯಾಗಿ ಎರಡು ಪಟ್ಟಾಗುತ್ತದೆ. ಹಾಗಾಗಿ ಮೊತ್ತ ತಾಳೆಯಾಗದಿದ್ದರೆ ಇಲಾಖೆಯನ್ನು ಅನುಮಾನಿಸುವ ಮೊದಲು ವ್ಯತ್ಯಾಸವನ್ನು ಪುಟಗಳ ಸಂಖ್ಯೆಯಿಂದ ಭಾಗಿಸಿ ನೋಡಬೇಕು.

ನಮ್ಮ ಎರಡನೇ ತಪ್ಪು ಇದಕ್ಕಿಂತ ಕೆಟ್ಟದು, ಏಕೆಂದರೆ ಮೊತ್ತ ಕೂಡಿಸಿದರೆ ಅದು ಸಿಕ್ಕಿಬೀಳುವುದಿಲ್ಲ. ಖಾಲಿ ಕ್ರಮಸಂಖ್ಯೆಯ ಸಾಲು ಅಳಿಸಿದಾಗ ವಿಸ್ತೀರ್ಣ ಒಂದು ಚೂರೂ ಬದಲಾಗಲಿಲ್ಲ. ಹೋದದ್ದು ಹೆಸರುಗಳು. ಜಂಟಿ ಖಾತೆಯ ಕೊನೆಯ ಹೆಸರು, ಅಂದರೆ ತೀರಿಹೋದವನ ಹೆಂಡತಿಯೋ, ಮದುವೆಯಾಗಿ ಬೇರೆ ಊರಿನಲ್ಲಿರುವ ತಂಗಿಯೋ ಆಗಿರಬಹುದು. ಪುಟ ತಿರುಗುವ ಜಾಗದಲ್ಲಿ ಅವರ ಹೆಸರು ಬಿದ್ದದ್ದೇ ಅವರ ತಪ್ಪು. ನಾವು ಅದನ್ನು ಕಸವೆಂದು ಗುಡಿಸಿದ್ದೆವು. ಆ ಶೀಟು ನೋಡಿ ಯಾರಾದರೂ "ನಿನ್ನ ಹೆಸರು ಪಟ್ಟಿಯಲ್ಲಿ ಇಲ್ಲ" ಎಂದಿದ್ದರೆ ಹೊಣೆ ಯಾರದು?

ಅಳಿಸಬೇಡಿ, ಗುರುತು ಹಾಕಿ

ಆ ರಾತ್ರಿ ಕಲಿತದ್ದು ಇಷ್ಟೇ. ಯಾವ ಸಾಲನ್ನೂ ಮೊದಲು ಅಳಿಸಬಾರದು. ಪ್ರತಿ ಸಾಲಿನ ಪಕ್ಕ ಅದು ಏನೆಂದು ಬರೆದುಕೊಳ್ಳಬೇಕು. ಅಳಿಸುವ ಮಾತು ಕೊನೆಗೆ.

ಶೀಟಿಗೆ ಹಾಕುವಾಗಲೇ ಒಂದು ಎಚ್ಚರಿಕೆ. ಸರ್ವೆ ನಂಬರಿನ ಕಾಲಂ ಅನ್ನು `Text` ಎಂದು ಹೇಳಿಯೇ ತೆರೆಯಬೇಕು. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಸಿಎಸ್‌ವಿ ತೆರೆಯುವ ಕಿಟಕಿಯಲ್ಲೇ ಆ ಕಾಲಂ ಮೇಲೆ ಒತ್ತಿ ಬದಲಿಸಬಹುದು. ಇಲ್ಲದಿದ್ದರೆ `5/2` ಎಂಬ ಹಿಸ್ಸಾ ಫೆಬ್ರವರಿ ಐದನೇ ತಾರೀಕಾಗುತ್ತದೆ. `12/3A` ಹಾಗೇ ಉಳಿಯುತ್ತದೆ. ಎಲ್ಲವೂ ಕೆಟ್ಟಿದ್ದರೆ ಕಣ್ಣಿಗೆ ಬೀಳುತ್ತಿತ್ತು, ಕೆಲವು ಮಾತ್ರ ಕೆಡುವುದರಿಂದ ಬೀಳುವುದಿಲ್ಲ. ಒಮ್ಮೆ ತಾರೀಕಾದ ಮೇಲೆ ಮತ್ತೆ `Text` ಮಾಡಿದರೂ ಹಳೆಯ ನಂಬರು ಬರುವುದಿಲ್ಲ. ಮೊದಲಿಂದ ತೆರೆಯಬೇಕು.

ಈಗ A ಯಿಂದ F ತನಕ ಪಟ್ಟಿಯ ಆರು ಕಾಲಂ. G ಯಲ್ಲಿ ಊರು ಬರಲಿ. ಮೊದಲ ಸಾಲನ್ನು ನಮ್ಮ ಸ್ವಂತ ತಲೆಬರಹಕ್ಕೆ ಬಿಟ್ಟು, ಎರಡನೇ ಸಾಲಿನಿಂದ ಈ ಸೂತ್ರ ಬರೆದು ಕೊನೆಯವರೆಗೆ ಎಳೆಯಬೇಕು.

```
=IF(LEFT(TRIM(A2),7)="Village",TRIM(MID(A2,9,50)),G1)
```

ಸಾಲು `Village` ಎಂದು ಶುರುವಾದರೆ ಅದರ ಮುಂದಿನ ಹೆಸರು ತೆಗೆದುಕೋ, ಇಲ್ಲದಿದ್ದರೆ ಮೇಲಿನ ಸಾಲಿನಲ್ಲಿ ಯಾವ ಊರಿತ್ತೋ ಅದೇ ಎಂದು ಅರ್ಥ. ಪುಟ ತಿರುಗಿದರೂ, ನಡುವೆ ಎಷ್ಟು ತಲೆಬರಹ ಬಂದರೂ ಊರು ಕೆಳಗಿಳಿಯುತ್ತಾ ಹೋಗುತ್ತದೆ. ತಾಲೂಕಿಗೂ ಇದೇ ರೀತಿ ಒಂದು ಕಾಲಂ ಮಾಡಬಹುದು. ಈ ಕೆಲಸ ಆಗುವ ಮೊದಲು ಶೀಟನ್ನು ಯಾವ ಕಾರಣಕ್ಕೂ ವಿಂಗಡಿಸಬಾರದು. ಸಾಲಿನ ಕ್ರಮ ಕದಲಿದರೆ ಹಳದೀಪುರದ ಗದ್ದೆ ಮಂಕಿಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಊರಿನ ಹೆಸರು ಕೆಲವೊಮ್ಮೆ A ಬಿಟ್ಟು B ಯಲ್ಲಿ ಬಿದ್ದಿರುತ್ತದೆ. ಅದಕ್ಕೆ ಪಿಡಿಎಫ್‌ನಲ್ಲಿ ಎಷ್ಟು ಊರಿವೆ ಎಂದು ಕೈಯಲ್ಲಿ ಎಣಿಸಿ, G ಯಲ್ಲೂ ಅಷ್ಟೇ ಊರು ಬಂದಿವೆಯೇ ನೋಡಬೇಕು. ಒಂದು ಊರು ತಪ್ಪಿದರೆ ಅದರ ಜಮೀನೆಲ್ಲ ಹಿಂದಿನ ಊರಿನ ತಲೆಗೆ ಬರುತ್ತದೆ.

H ನಲ್ಲಿ ಸಾಲಿನ ಜಾತಿ.

```
=IF(AND(ISNUMBER(A2),NOT(ISNUMBER(C2))),"data",IF(AND(A2="",F2<>""),"tail","head"))
```

ಕ್ರಮಸಂಖ್ಯೆ ಇದೆ, ಆದರೆ ಜಮೀನಿನ ವಿಧದ ಕಾಲಂನಲ್ಲಿ ಸಂಖ್ಯೆ ಇಲ್ಲ ಎಂದರೆ ಅದು ನಿಜವಾದ ಜಮೀನು, `data`. `1,2,3,4,5,6` ಸಾಲಿನಲ್ಲಿ ವಿಧದ ಜಾಗದಲ್ಲಿ 3 ಇರುವುದರಿಂದ ಅದು ಇಲ್ಲಿ ಸಿಕ್ಕಿಬೀಳುತ್ತದೆ. ಯಾವ ಜಮೀನಿನ ವಿಧವೂ 'ಮೂರು' ಆಗಿರುವುದಿಲ್ಲವಲ್ಲ. ಕ್ರಮಸಂಖ್ಯೆ ಖಾಲಿ, ಹೆಸರು ಮಾತ್ರ ಇದೆ ಎಂದರೆ `tail`, ಅಂದರೆ ಬಾಲ. ಉಳಿದದ್ದೆಲ್ಲ `head`.

ಬಾಲಗಳನ್ನು ಸೂತ್ರಕ್ಕೆ ಬಿಡಬೇಡಿ. 24 ಪುಟದ ಪಟ್ಟಿಯಲ್ಲಿ ಪುಟ ತಿರುಗುವ ಜಾಗ 23. ಅಷ್ಟನ್ನು ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಕೈಯಲ್ಲೇ ಮೇಲಿನ ಜಮೀನಿನ ಸಾಲಿಗೆ ಸೇರಿಸುವುದು ಅರ್ಧ ಗಂಟೆಯ ಕೆಲಸ.

ಇನ್ನು ಮರುಕಳಿಸುವ ತಲೆಬರಹ. ಇಷ್ಟು ಹೊತ್ತು ಅದನ್ನು ಬೈದೆವು, ಆದರೆ ಅದರಿಂದ ಒಂದು ಉಪಕಾರವಿದೆ. ಟ್ಯಾಬುಲಾದಿಂದ ಬಂದ ಸಾಲುಗಳಲ್ಲಿ ಪುಟ ಸಂಖ್ಯೆ ಇರುವುದಿಲ್ಲ. ತಲೆಬರಹ ಪುಟಕ್ಕೊಂದು ಬರುವುದರಿಂದ ಅದನ್ನು ಎಣಿಸಿದರೆ ಪುಟ ಸಿಗುತ್ತದೆ. I ಕಾಲಂನಲ್ಲಿ ಹೀಗೆ.

```
=N(I1)+IF(LEFT(TRIM(A2),2)="Sl",1,0)
```

ಕೋಷ್ಟಕ ಮೂರನೇ ಪುಟದಿಂದ ಶುರುವಾಗಿದ್ದರೆ ಬಂದ ಸಂಖ್ಯೆಗೆ ಎರಡು ಕೂಡಿಸಿಕೊಳ್ಳಿ. ಕೊನೆಯ ಸಾಲಿನ ಪುಟ ಪಿಡಿಎಫ್‌ನ ಕೊನೆಯ ಪುಟಕ್ಕೆ ತಾಳೆಯಾಗದಿದ್ದರೆ ಎಲ್ಲೋ ಒಂದು ತಲೆಬರಹ ಪುಟದ ನಡುವೆ ಬಂದಿದೆ ಅಥವಾ ಒಂದು ಪುಟ ತಪ್ಪಿಹೋಗಿದೆ ಎಂದರ್ಥ. ಈ ಪುಟ ಸಂಖ್ಯೆ ಏಕೆ ಬೇಕೆಂದರೆ, ನಮ್ಮ ಶೀಟಿಗೆ ಕಾನೂನಿನ ಬೆಲೆ ಇಲ್ಲ. ಆಕ್ಷೇಪಣೆ ಬರೆಯುವವರು ಗೆಜೆಟ್‌ನ ಸಂಖ್ಯೆ, ದಿನಾಂಕ, ಪುಟ, ಕ್ರಮಸಂಖ್ಯೆಯನ್ನೇ ಬರೆಯಬೇಕು. ಶೀಟು ಆ ಪುಟಕ್ಕೆ ಕೈಹಿಡಿದು ಕರೆದೊಯ್ದರೆ ಸಾಕು.

ಇಷ್ಟಾದ ಮೇಲೆ ಪೂರ್ತಿ ಶೀಟನ್ನು ನಕಲಿಸಿ ಹೊಸ ಹಾಳೆಗೆ 'ಬರೀ ಮೌಲ್ಯ' ಎಂದು ಅಂಟಿಸಬೇಕು. ಹಾಗೆ ಮಾಡದೆ ತಲೆಬರಹದ ಸಾಲು ಅಳಿಸಿದರೆ ಊರಿನ ಸೂತ್ರ ಕೊಂಡಿ ಕಳಚಿ ಸಾಲುಸಾಲಾಗಿ `#REF!` ಬರುತ್ತದೆ. ಅಂಟಿಸಿದ ಮೇಲೆ `data` ಮಾತ್ರ ಉಳಿಸಿ ಉಳಿದದ್ದು ತೆಗೆಯಿರಿ. ಹಳೆಯ ಹಾಳೆ ಹಾಗೇ ಇರಲಿ.

ಕೊನೆಗೆ ಪರೀಕ್ಷೆ.

```
=COUNTIF(H:H,"data")
=SUMIF(H:H,"data",E:E)
```

ಮೊದಲನೆಯದು ಪಟ್ಟಿಯ ಕೊನೆಯ ಕ್ರಮಸಂಖ್ಯೆಗೆ ಸಮ ಬರಬೇಕು. ಕ್ರಮಸಂಖ್ಯೆ ಊರೂರಿಗೆ ಹೊಸದಾಗಿ ಶುರುವಾಗುವ ಪಟ್ಟಿಯಾದರೆ ಊರೂರಿಗೆ ಎಣಿಸಬೇಕು. ಎರಡನೆಯದು ಮುದ್ರಿತ ಮೊತ್ತಕ್ಕೆ ಸಮ ಬರಬೇಕು. ಎರಡೂ ಸರಿಬಂದರೂ ಮೂರು ಪುಟಗಳನ್ನು ತೆರೆದು ಸಾಲಿಗೆ ಸಾಲು ಓದಬೇಕು, ಯಾಕೆಂದರೆ ಹೆಸರು ತಪ್ಪಿದ್ದನ್ನು ಯಾವ ಮೊತ್ತವೂ ಹೇಳುವುದಿಲ್ಲ. ನಮ್ಮದು ಎರಡನೇ ಸಲ ತಾಳೆಯಾಯಿತು. ದೊಡ್ಡ ಸುದ್ದಿ ಅಲ್ಲಿಗೆ ಸತ್ತಿತು.

ಆ ಅಮ್ಮನ ನಂಬರು ಪಟ್ಟಿಯಲ್ಲಿ ಇತ್ತು. ಎಷ್ಟು ಜಾಗ ಎಂದು ಕೇಳಿದರು. ಗೆಜೆಟ್‌ನಲ್ಲಿ ಹೆಕ್ಟೇರ್, ಪಹಣಿಯಲ್ಲಿ ಎಕರೆ-ಗುಂಟೆ-ಆಣೆ. ಹೆಕ್ಟೇರನ್ನು 98.84ರಿಂದ ಗುಣಿಸಿದರೆ ಗುಂಟೆ. ಮೇಲಿನ ಮಾದರಿಯ 0.0350 ಹೆಕ್ಟೇರ್ ಎಂದರೆ ಸುಮಾರು ಮೂರೂವರೆ ಗುಂಟೆ. ಸೊನ್ನೆ ಬಿಂದು ಸೊನ್ನೆ ಮೂರು ಐದು ಎಂದು ಓದಿ ಹೇಳಿದರೆ ಏನೂ ಅಲ್ಲವೆನಿಸುತ್ತದೆ. ಗುಂಟೆಯಲ್ಲಿ ಹೇಳಿದಾಗ ಅವರು ಎದ್ದು ಬಾವಿಯ ಕಡೆ ನೋಡಿದರು.

ಅವರು ಹೇಳುವ ನೆಪ, ನಮ್ಮ ಉತ್ತರ

ನಾವು ಒಂದು ರಾತ್ರಿ ಮಾಡಿದ ಈ ಕೆಲಸ ಅಗತ್ಯವೇ ಇರಲಿಲ್ಲ. ಆರು ಕಾಲಂನ, ಕ್ರಮಸಂಖ್ಯೆ ಹಾಕಿದ, ಮೊತ್ತ ಕೂಡಿಸಿದ ಪಟ್ಟಿ ಯಾರೂ ಪಿಡಿಎಫ್‌ನಲ್ಲಿ ಬೆರಳಚ್ಚು ಮಾಡುವುದಿಲ್ಲ. ಅದು ಯಾರದೋ ಕಂಪ್ಯೂಟರಿನಲ್ಲಿ ಎಕ್ಸೆಲ್ ಅಥವಾ ವರ್ಡ್ ಕಡತವಾಗಿ ಹುಟ್ಟಿದ್ದು. ಅದನ್ನು ಪಿಡಿಎಫ್ ಮಾಡಿ ಹಾಕುವಾಗ ಓದಲಾಗುವ ರೂಪವನ್ನು ಒಳಗಿಟ್ಟುಕೊಂಡು, ಓದಲಾಗದ ರೂಪವನ್ನು ಹೊರಗೆ ಕೊಟ್ಟಂತಾಯಿತು.

"ಎಕ್ಸೆಲ್ ಕೊಟ್ಟರೆ ತಿದ್ದಿಬಿಡುತ್ತಾರೆ" ಎನ್ನುತ್ತಾರೆ. ತಿದ್ದಿದರೆ ತಿದ್ದಲಿ. ಸಹಿ ಇರುವ ಪಿಡಿಎಫ್ ಪಕ್ಕದಲ್ಲೇ ಇರುತ್ತದಲ್ಲ. ಪ್ರಮಾಣಕ್ಕೆ ಅದು, ಹುಡುಕುವುದಕ್ಕೆ ಇದು. ಎರಡೂ ಹಾಕಿ. ಈಗ ಎಕ್ಸೆಲ್ ಕೊಡದೇ ಇರುವುದರಿಂದ ತಪ್ಪು ಶೀಟುಗಳು ಹುಟ್ಟುವುದು ನಿಂತಿದೆಯೇ? ನಮ್ಮ ಮೊದಲ ಶೀಟೇ ಸಾಕ್ಷಿ.

"ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಕೇಳಿ" ಎನ್ನುವವರೂ ಇದ್ದಾರೆ. ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಪ್ರಕಾರ ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲೇ ಪಡೆಯುವ ಹಕ್ಕಿದೆ. ಕಲಂ 7(9) ಪ್ರಕಾರ, ಕಚೇರಿಗೆ ಅತಿಯಾದ ಹೊರೆಯಾಗದಿದ್ದರೆ ಕೇಳಿದ ರೂಪದಲ್ಲೇ ಕೊಡಬೇಕು. ಆದರೆ ಉತ್ತರಕ್ಕೆ ಅವರಿಗೆ 30 ದಿನ. ಆಕ್ಷೇಪಣೆಗೆ ನಿಮಗೆ 21 ದಿನ. ಗೆಜೆಟ್ ಬಂದ ದಿನವೇ ಅರ್ಜಿ ಹಾಕಿದರೂ, ಅವರು ಕಾನೂನು ಪಾಲಿಸಿಯೇ ಉತ್ತರ ಕೊಟ್ಟರೂ, ನಿಮ್ಮ ಗಡುವು ಮುಗಿದು ಒಂಬತ್ತು ದಿನವಾಗಿರಬಹುದು. ಬೆಂಕಿ ಆರಿದ ಮೇಲೆ ನೀರು ತಂದಂತೆ.

ಹಾಗಾಗಿ ಅರ್ಜಿ ಹಾಕಿದವರಿಗೆ ಕೊಡುವ ಮಾತಲ್ಲ ಇದು. ಅದೇ ಕಾಯ್ದೆಯ ಕಲಂ 4(4) ಸ್ಥಳೀಯ ಭಾಷೆಯನ್ನೂ ಆ ಪ್ರದೇಶಕ್ಕೆ ಹೆಚ್ಚು ಪರಿಣಾಮಕಾರಿಯಾದ ವಿಧಾನವನ್ನೂ ಗಮನದಲ್ಲಿಟ್ಟು ಮಾಹಿತಿ ಹರಡಬೇಕು, ಸಾಧ್ಯವಾದಷ್ಟು ವಿದ್ಯುನ್ಮಾನ ರೂಪದಲ್ಲಿ ಸುಲಭವಾಗಿ ಸಿಗಬೇಕು ಎನ್ನುತ್ತದೆ. ಕೇಂದ್ರ ಸರ್ಕಾರದ 2012ರ ದತ್ತಾಂಶ ಹಂಚಿಕೆ ನೀತಿಯೂ ಯಂತ್ರ ಓದಬಲ್ಲ ರೂಪವನ್ನೇ ಹೇಳುತ್ತದೆ. ಈ ಮೂರು ತಾಲೂಕಿಗೆ ಪರಿಣಾಮಕಾರಿ ವಿಧಾನ ಯಾವುದೆಂದು ತಿಳಿಯಲು ಸಮಿತಿ ಬೇಡ. ಊರಿಗೊಂದು ಪಟ್ಟಿ, ಕನ್ನಡದಲ್ಲಿ, ಗುಂಟೆಯಲ್ಲಿ, ಆ ಊರಿನ ಪಂಚಾಯಿತಿ ಗೋಡೆಯ ಮೇಲೆ. ಜೊತೆಗೆ ಒಂದೇ ತಲೆಬರಹದ, ಪ್ರತಿ ಸಾಲಿನಲ್ಲೂ ಊರಿನ ಹೆಸರಿರುವ ಒಂದು ಶೀಟು.

ನಮ್ಮ ವೃತ್ತಿಯವರಿಗೂ ಒಂದು ಮಾತು. ಪಟ್ಟಿ ಬಂದ ದಿನ 'ಅಧಿಸೂಚನೆ ಪ್ರಕಟ' ಎಂದು ನಾಲ್ಕು ಸಾಲು ಕಳಿಸಿದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಶೀಟು ಮಾಡಿ, ತಾಳೆ ನೋಡಿ, ಆಮೇಲೆ ಬರೆಯೋಣ. ಮಾಡಿದ ಶೀಟನ್ನು ಹೆಸರಿನ ಕಾಲಂ ಸಮೇತ ಗುಂಪುಗಳಿಗೆ ಎಸೆಯುವುದೂ ಬೇಡ. ಗೆಜೆಟ್‌ನಲ್ಲಿ ಹೆಸರಿದೆ ನಿಜ. ಆದರೆ ಊರುವಾರು ವಿಂಗಡಿಸಿದ ಹೆಸರಿನ ಪಟ್ಟಿ ಮೊದಲು ಉಪಯೋಗಕ್ಕೆ ಬರುವುದು ಜಮೀನಿನ ದಲ್ಲಾಳಿಗೆ. ನಾವು ಹಂಚಿದ್ದು ಊರು, ಸರ್ವೆ ನಂಬರ್, ಗುಂಟೆ, ಗೆಜೆಟ್ ಪುಟ, ಈ ನಾಲ್ಕೇ ಕಾಲಂ. ಹೆಸರು ಬೇಕಾದವರು ಆ ಪುಟ ತೆರೆದು ನೋಡಿಕೊಳ್ಳುತ್ತಾರೆ.

ಆ ನಾಲ್ಕು ಕಾಲಂನ ಪಟ್ಟಿ ಹೋದ ಮರುದಿನ ಬೆಳಗ್ಗೆ ಆರಕ್ಕೇ ಫೋನು ಶುರುವಾಯಿತು. "ನಮ್ಮೂರಿನದ್ದು ಕಳ್ಸಿ" ಎಂದು ಕುಮಟಾ ಕಡೆಯಿಂದ ಒಬ್ಬರು, ಶಿರಾಲಿ ಕಡೆಯಿಂದ ಒಬ್ಬರು. ಆ ದಿನಕ್ಕೆ 21ರಲ್ಲಿ ಹನ್ನೆರಡು ದಿನ ಕಳೆದಿದ್ದವು.